ಲೆಡ್ಜರ್ ನೋಡು ಅಂದರೆ ಏನು ನೋಡಬೇಕು?

*ಸರ್, ಬೆಂಗಳೂರಿನ ಒಂದು ಸಿಎ ಆಫೀಸಿನಲ್ಲಿ ಆರ್ಟಿಕಲ್‌ಶಿಪ್‌ಗೆ ಸೇರಿ ಮೂರು ತಿಂಗಳಾಯಿತು. ಕ್ಲೈಂಟ್ ಹತ್ತಿರ ಕಳಿಸಿ ‘ರಿಪೇರಿ ಲೆಡ್ಜರ್ ಸ್ಕ್ರೂಟಿನಿ ಮಾಡು’ ಅನ್ನುತ್ತಾರೆ. ನಾನು ಒಂದೊಂದೇ ಎಂಟ್ರಿ ತೆಗೆದು ಟಿಕ್ ಹಾಕಿ ಕೊಡುತ್ತೇನೆ. ಸೀನಿಯರ್ ಎರಡು ನಿಮಿಷ ನೋಡಿ ಏನಾದರೊಂದು ತಪ್ಪು ಹಿಡಿಯುತ್ತಾರೆ. ಡೌಟ್ ಕೇಳಿದರೆ ‘ಸರಿಯಾಗಿ ಕೇಳು’ ಅನ್ನುತ್ತಾರೆ. ಇರುವುದೇ ಎರಡು ವರ್ಷ, ಈ ಕೆಲಸ ಬೇಗ ಕೈಗೆ ಹತ್ತುವುದು ಹೇಗೆ?*

ನಿಮ್ಮ ಸೀನಿಯರ್ ಆ ಎರಡು ನಿಮಿಷದಲ್ಲಿ ಎಂಟ್ರಿಗಳನ್ನು ಓದುವುದೇ ಇಲ್ಲ. ಅವರು ಮೊದಲು ನೋಡುವುದು ತಿಂಗಳ ಮೊತ್ತಗಳನ್ನು, ಆಮೇಲೆ ಹೋದ ವರ್ಷದ ಅಂಕಿಯನ್ನು, ಕೊನೆಗೆ ಎದ್ದು ಕಾಣುವ ನಾಲ್ಕೈದು ಸಾಲುಗಳನ್ನು. ನೀವು ಮೊದಲ ಸಾಲಿನಿಂದ ಶುರುಮಾಡಿ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕಣ್ಣು ಸೋತಿರುತ್ತದೆ, ಎಲ್ಲ ಎಂಟ್ರಿಯೂ ಒಂದೇ ಥರ ಕಾಣುತ್ತಿರುತ್ತದೆ. ಬಿಲ್ ಇದೆಯೇ, ಮೊತ್ತ ತಾಳೆಯಾಗುತ್ತದೆಯೇ ಎಂದು ಒಂದೊಂದೇ ಎಂಟ್ರಿಗೆ ನೋಡುವುದು ವೋಚಿಂಗ್. ಈ ಖಾತೆ ಇಡೀ ವರ್ಷ ಹೇಗೆ ನಡೆದುಕೊಂಡಿದೆ, ಎಲ್ಲಿ ದಾರಿ ತಪ್ಪಿದೆ ಎಂದು ನೋಡುವುದು ಸ್ಕ್ರೂಟಿನಿ. ನಿಮ್ಮನ್ನು ಎರಡನೆಯದಕ್ಕೆ ಕಳಿಸಿದ್ದಾರೆ, ನೀವು ಮೊದಲನೆಯದನ್ನು ಮಾಡಿಕೊಂಡು ಬರುತ್ತಿದ್ದೀರಿ.

ನೀವು ಹೇಳಿದ ರಿಪೇರಿ ಖಾತೆಯನ್ನೇ ತೆಗೆದುಕೊಳ್ಳೋಣ. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಖಾತೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಬಂಡವಾಳ ವೆಚ್ಚ, ಟಿಡಿಎಸ್, ಜಿಎಸ್‌ಟಿ, ನಗದು ಪಾವತಿ, ಮಾರ್ಚ್ ಕೊನೆಯ ಪ್ರಾವಿಷನ್, ಎಲ್ಲವೂ ಬಂದು ಬೀಳುವ ಜಾಗ ಅದು. ಕೆಳಗಿನ ಅಂಕಿಗಳು ಉದಾಹರಣೆಗೆಂದು ನಾನೇ ಕಟ್ಟಿದವು. ಪೀಣ್ಯದ ಕಡೆ ಮಷಿನಿಂಗ್ ಕೆಲಸ ಮಾಡುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ, 2024-25ನೇ ಸಾಲು, ಆಡಿಟ್ ನಡೆಯುತ್ತಿರುವುದು 2025ರ ಜುಲೈನಲ್ಲಿ ಅಂದುಕೊಳ್ಳಿ. ಆ ಸಾಲಿಗೆ ಹಳೆಯ 1961ರ ಆದಾಯ ತೆರಿಗೆ ಕಾಯ್ದೆಯೇ ಅನ್ವಯ, ಹಾಗಾಗಿ ಕಲಂ ಸಂಖ್ಯೆಗಳೂ ಅದರವೇ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ, ಸಂಖ್ಯೆಗಳು ಬೇರೆ. ನಿಮ್ಮ ಕೈಯಲ್ಲಿರುವ ಫೈಲ್ ಯಾವ ವರ್ಷದ್ದು ಎಂದು ನೋಡಿಕೊಂಡು ಕಲಂ ಬರೆಯಿರಿ.

ಮೊದಲ ಕೆಲಸ, ಖಾತೆಯ ಮೊತ್ತ ಟ್ರಯಲ್ ಬ್ಯಾಲೆನ್ಸ್‌ನಲ್ಲಿರುವ ಮೊತ್ತಕ್ಕೆ ಸರಿಹೋಗುತ್ತದೆಯೇ ಎಂದು ನೋಡುವುದು. ತೀರಾ ಸಣ್ಣ ವಿಷಯ ಅನ್ನಿಸಬಹುದು. ಆದರೆ ನೀವು ಲೆಡ್ಜರನ್ನು ಎಕ್ಸೆಲ್‌ಗೆ ಇಳಿಸಿಕೊಂಡದ್ದು ಸೋಮವಾರ, ಅಕೌಂಟೆಂಟ್ ಎಂಟ್ರಿ ತಿದ್ದಿದ್ದು ಮಂಗಳವಾರ ಆಗಿದ್ದರೆ, ನೀವು ಎರಡು ದಿನ ನೋಡಿದ್ದು ಈಗಿಲ್ಲದ ಲೆಡ್ಜರ್. ಇಳಿಸಿಕೊಂಡ ದಿನಾಂಕವನ್ನು ಶೀಟಿನ ತಲೆಯಲ್ಲಿ ಬರೆಯಿರಿ, ಕೆಲಸ ಮುಗಿಸುವ ದಿನ ಮೊತ್ತವನ್ನು ಇನ್ನೊಮ್ಮೆ ತಾಳೆ ನೋಡಿ. ಟ್ಯಾಲಿಯಲ್ಲಿ `Alt+F2` ಒತ್ತಿ ಅವಧಿ ಪೂರ್ತಿ ವರ್ಷಕ್ಕಿದೆಯೇ ನೋಡಿಕೊಳ್ಳಿ, `F12`ರಲ್ಲಿ ನರೇಶನ್ ಕಾಣುವ ಹಾಗೆ ಮಾಡಿಕೊಂಡೇ ಎಕ್ಸ್‌ಪೋರ್ಟ್ ಮಾಡಿ. ನರೇಶನ್ ಇಲ್ಲದ ಲೆಡ್ಜರ್ ಇಟ್ಟುಕೊಂಡು ಸ್ಕ್ರೂಟಿನಿಗೆ ಕೂರಬೇಡಿ.

ನಮ್ಮ ಉದಾಹರಣೆಯಲ್ಲಿ ಖಾತೆಯ ಮೊತ್ತ 30,76,000. ಹೋದ ವರ್ಷ 22,10,000 ಇತ್ತು. ಅಂದರೆ ಸುಮಾರು 39 ಪರ್ಸೆಂಟ್ ಏರಿಕೆ. ನಿಮ್ಮ ಸೀನಿಯರ್ ಕೇಳುವ ಮೊದಲ ಪ್ರಶ್ನೆ ‘ಯಾಕೆ ಏರಿತು’ ಎಂದೇ ಇರುತ್ತದೆ. ಅದನ್ನು ಅಕೌಂಟೆಂಟ್‌ಗೆ ಕೇಳಿದರೆ ‘ಮಷೀನ್ ಹಳೆಯದಾಗಿವೆ ಮೇಡಂ, ರಿಪೇರಿ ಜಾಸ್ತಿ’ ಅನ್ನುತ್ತಾರೆ. ಸುಳ್ಳೇನಲ್ಲದಿರಬಹುದು, ಆದರೆ ಅದು ಉತ್ತರವೂ ಅಲ್ಲ. ಕೇಳುವುದಕ್ಕಿಂತ ಮುಂಚೆ ಟ್ರಯಲ್ ಬ್ಯಾಲೆನ್ಸ್‌ನಿಂದ ಆ ಖಾತೆಯ ಮೇಲೆ ಎಂಟರ್ ಒತ್ತಿ, ಟ್ಯಾಲಿ ತಿಂಗಳವಾರು ಮೊತ್ತ ತೋರಿಸುತ್ತದೆ. ಅದನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಒಂಬತ್ತು ತಿಂಗಳು 1,78,000ದಿಂದ 2,10,000ದ ಒಳಗೇ ಓಡಾಡುತ್ತವೆ. ಹೊರಗೆ ನಿಲ್ಲುವುದು ಮೂರೇ: ಆಗಸ್ಟ್ 6,72,000, ಜನವರಿ 96,000, ಮಾರ್ಚ್ 5,46,000. ಈಗ ನಿಮ್ಮ ಕೆಲಸ ಮೂರು ತಿಂಗಳಿಗೆ ಇಳಿಯಿತು. ಹೊಸಬರು ಆಗಸ್ಟ್, ಮಾರ್ಚ್ ಎರಡನ್ನು ಹಿಡಿಯುತ್ತಾರೆ, ಜನವರಿಯನ್ನು ಬಿಟ್ಟುಬಿಡುತ್ತಾರೆ. ಕಮ್ಮಿ ಇರುವುದು ಕಣ್ಣಿಗೆ ಚುಚ್ಚುವುದಿಲ್ಲ. ಆದರೆ ಲೆಡ್ಜರ್ ಸ್ಕ್ರೂಟಿನಿಗೆ ಇರುವ ದೊಡ್ಡ ಮಿತಿ ಇದೇ: ಪುಸ್ತಕಕ್ಕೆ ಬಾರದೇ ಉಳಿದದ್ದನ್ನು ಯಾವ ಎಂಟ್ರಿಯೂ ತೋರಿಸುವುದಿಲ್ಲ. ಅದು ಇಲ್ಲವೆಂದು ಗೊತ್ತಾಗುವುದು ತಿಂಗಳ ಓಟ ತಪ್ಪಿದಾಗ ಮಾತ್ರ.

ಆಗಸ್ಟ್ ತೆಗೆಯಿರಿ. 19ನೇ ತಾರೀಕು ಒಂದೇ ಎಂಟ್ರಿ 4,72,000. ನರೇಶನ್‌ನಲ್ಲಿ ‘ಎಲೆಕ್ಟ್ರಿಕಲ್ ಕೆಲಸದ ಬಾಬ್ತು’ ಎಂದಷ್ಟೇ ಇದೆ. ಅದನ್ನು ತೆಗೆದರೆ ಉಳಿಯುವುದು 2,00,000, ಅಂದರೆ ಮಾಮೂಲಿ ತಿಂಗಳು. ಬಿಲ್ ತರಿಸಿ ನೋಡಿದರೆ 60 ಕೆವಿಎ ಸರ್ವೋ ಸ್ಟೆಬಿಲೈಸರ್ ಒಂದು, ಬೆಲೆ 4,00,000, ಸಿಜಿಎಸ್‌ಟಿ 36,000, ಎಸ್‌ಜಿಎಸ್‌ಟಿ 36,000. ಇಷ್ಟು ನೋಡಿ ‘ಬಂಡವಾಳ ವೆಚ್ಚ’ ಎಂದು ಬರೆದು ಮುಂದೆ ಹೋಗುವವರೇ ಹೆಚ್ಚು. ತಪ್ಪಲ್ಲ, ಅರ್ಧ ಮಾತ್ರ.

ಬಿಲ್ಲಿನ ಒಟ್ಟು ಮೊತ್ತವೇ ರಿಪೇರಿ ಖಾತೆಗೆ ಹೋಗಿದೆ, ತೆರಿಗೆ ಬೇರೆ ಆಗಿಲ್ಲ. ಅದೇ ಖಾತೆಯ ಉಳಿದ ಎಂಟ್ರಿಗಳಲ್ಲಿ ಜಿಎಸ್‌ಟಿ ಬೇರೆ ಲೆಡ್ಜರ್‌ಗೆ ಹೋಗಿದ್ದರೆ ಇದೊಂದರಲ್ಲಿ ಯಾಕಿಲ್ಲ? ಆಗಸ್ಟ್‌ನ ಜಿಎಸ್‌ಟಿಆರ್-2ಬಿ ತೆಗೆದು ಈ ಬಿಲ್ ಅಲ್ಲಿದೆಯೇ ನೋಡಿ. ಅಲ್ಲಿದ್ದು ಇನ್‌ಪುಟ್ ಲೆಡ್ಜರ್‌ನಲ್ಲಿ ಇಲ್ಲದಿದ್ದರೆ, 3ಬಿಯಲ್ಲೂ ತೆಗೆದುಕೊಂಡಿಲ್ಲದಿದ್ದರೆ, 72,000 ಕ್ರೆಡಿಟ್ ಕೈತಪ್ಪುತ್ತಿದೆ. 2024-25ರ ಬಿಲ್ಲಿಗೆ ಕ್ರೆಡಿಟ್ ತೆಗೆದುಕೊಳ್ಳಲು 2025ರ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಹಾಕಿದ ದಿನ, ಎರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಅವಕಾಶ. ಜುಲೈನಲ್ಲಿ ಹೇಳಿದರೆ ಕ್ಲೈಂಟ್‌ಗೆ ದುಡ್ಡು ಉಳಿಯುತ್ತದೆ. ಕ್ರೆಡಿಟ್ ತೆಗೆದುಕೊಂಡರೆ ಆಸ್ತಿಯ ಬೆಲೆ 4,00,000. ತೆಗೆದುಕೊಳ್ಳದಿದ್ದರೆ 4,72,000. ಕ್ರೆಡಿಟನ್ನೂ ತೆಗೆದುಕೊಂಡು ಆ ತೆರಿಗೆಯ ಮೇಲೆ ಸವಕಳಿಯನ್ನೂ ಹಾಕಲು ಬರುವುದಿಲ್ಲ. ಇಷ್ಟಾದ ಮೇಲೆ ಸೂಪರ್‌ವೈಸರ್ ಜೊತೆ ಶಾಪ್ ಫ್ಲೋರಿಗೆ ಹೋಗಿ ಆ ಸ್ಟೆಬಿಲೈಸರ್‌ನ ನೇಮ್‌ಪ್ಲೇಟ್ ಮೇಲಿನ ಸೀರಿಯಲ್ ನಂಬರನ್ನು ಬಿಲ್ಲಿನ ನಂಬರಿಗೆ ಹೊಂದಿಸಿ ಬನ್ನಿ. ಹಳೆಯದು ಎಲ್ಲಿ ಹೋಯಿತು ಎಂದು ಅಲ್ಲೇ ಕೇಳಿ. ಗುಜರಿಗೆ ಹಾಕಿದ್ದರೆ ಸ್ಕ್ರಾಪ್ ದುಡ್ಡು ಎಲ್ಲಿ ಜಮಾ ಆಗಿದೆ, ಸ್ಥಿರಾಸ್ತಿ ರಿಜಿಸ್ಟರ್‌ನಲ್ಲಿ ಅದರ ಹೆಸರು ಇನ್ನೂ ಇದೆಯೇ ಎಂಬ ಎರಡು ಪ್ರಶ್ನೆ ತಾವಾಗಿಯೇ ಹುಟ್ಟುತ್ತವೆ.

ಜನವರಿಯಲ್ಲಿ ಏನಿಲ್ಲ ಎಂದು ತಿಳಿಯಲು ಡಿಸೆಂಬರ್, ಫೆಬ್ರವರಿ ಎರಡನ್ನೂ ಪಕ್ಕಕ್ಕಿಟ್ಟುಕೊಳ್ಳಿ. ಎರಡರಲ್ಲೂ ಮೇಂಟೆನೆನ್ಸ್ ಕಾಂಟ್ರಾಕ್ಟರ್ ಒಬ್ಬರ ಬಿಲ್ 95,000 ಇದೆ, ಜನವರಿಯಲ್ಲಿ ಇಲ್ಲ. ಕೆಲಸ ನಿಂತಿತ್ತೇ? ಆ ಕಾಂಟ್ರಾಕ್ಟರ್‌ನ ಲೆಡ್ಜರ್ ತೆರೆಯಿರಿ. ಫೆಬ್ರವರಿ 10ರಂದು ಬ್ಯಾಂಕಿನಿಂದ 95,000 ಪಾವತಿ ಆಗಿದೆ, ಎದುರಿಗೆ ಬಿಲ್ ಎಂಟ್ರಿ ಇಲ್ಲ, ಮಾರ್ಚ್ 31ಕ್ಕೆ ಅಷ್ಟೇ ಡೆಬಿಟ್ ಬ್ಯಾಲೆನ್ಸ್ ಉಳಿದಿದೆ. ಬಿಲ್ ಬುಕ್ ಆಗಿಲ್ಲ, ದುಡ್ಡು ಮಾತ್ರ ಹೋಗಿದೆ. ಬೇರೆ ತಿಂಗಳ ಪಾವತಿ 94,050 ಇದ್ದು ಇದೊಂದು ಪೂರ್ತಿ 95,000 ಇದೆ ಎಂದರೆ 194ಸಿ ಅಡಿ ಹಿಡಿಯಬೇಕಾದ 1 ಪರ್ಸೆಂಟ್, ಅಂದರೆ 950 ರೂಪಾಯಿ ಟಿಡಿಎಸ್ ಕೂಡ ತಪ್ಪಿದೆ. ಕಾಂಟ್ರಾಕ್ಟರ್ ಬಿಡಿ ವ್ಯಕ್ತಿಯಾದ್ದರಿಂದ 1 ಪರ್ಸೆಂಟ್, ಕಂಪನಿಯೋ ಪಾಲುದಾರಿಕೆ ಸಂಸ್ಥೆಯೋ ಆಗಿದ್ದರೆ 2. ಖರ್ಚಿನ ಖಾತೆಯಲ್ಲಿ ಸಂಶಯ ಬಂದ ಕೂಡಲೇ ಎದುರು ಖಾತೆಗೆ ಹೋಗುವುದು, ಅಂದರೆ ಪಾರ್ಟಿ ಲೆಡ್ಜರ್ ತೆರೆಯುವುದು, ಅಭ್ಯಾಸವಾಗಲಿ. ಅಕೌಂಟೆಂಟ್‌ಗೆ ಕೇಳುವ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.

ಮಾರ್ಚ್‌ನಲ್ಲಿ 31ನೇ ತಾರೀಕಿನ ಜರ್ನಲ್ ಒಂದು, 3,45,000, ‘ಪ್ರಾವಿಷನ್ ಮಾಡಲಾಗಿದೆ’ ಎಂದು ನರೇಶನ್. ಪಾರ್ಟಿ ಹೆಸರಿಲ್ಲ, ಎದುರು ಖಾತೆ ‘ಪ್ರಾವಿಷನ್ ಫಾರ್ ಎಕ್ಸ್‌ಪೆನ್ಸಸ್’. ಪರ್ಚೇಸ್, ಪೇಮೆಂಟ್ ವೋಚರ್‌ಗಳೇ ತುಂಬಿರುವ ಖಾತೆಯಲ್ಲಿ ಜರ್ನಲ್ ಕಂಡರೆ ನಿಲ್ಲಬೇಕು, ವರ್ಷದ ಕೊನೆಯ ದಿನದ ದುಂಡು ಮೊತ್ತವಾದರೆ ಇನ್ನೂ ನಿಲ್ಲಬೇಕು. ಅಕೌಂಟೆಂಟ್ ಒಂದು ಕೊಟೇಶನ್ ಕೊಡುತ್ತಾರೆ: ಸಿಎನ್‌ಸಿ ಮಷೀನ್ ಓವರ್‌ಹಾಲ್, ಮಾರ್ಚ್ 25ರದ್ದು, 3,45,000. ಮೊತ್ತ ತಾಳೆಯಾಯಿತೆಂದು ಟಿಕ್ ಹಾಕುವ ಆಸೆ ಆಗುತ್ತದೆ. ಆದರೆ ಕೊಟೇಶನ್ ಹೇಳುವುದು ಕೆಲಸದ ಬೆಲೆಯನ್ನು, ಕೆಲಸ ಆಯಿತೆಂದಲ್ಲ. ಸರ್ವಿಸ್ ರಿಪೋರ್ಟ್ ಕೇಳಿ. ಇಂಜಿನಿಯರ್ ಏಪ್ರಿಲ್ 14ರಿಂದ 17ರವರೆಗೆ ಕೆಲಸ ಮಾಡಿ ಸಹಿ ಹಾಕಿದ್ದಾರೆ. ಗೇಟ್ ರಿಜಿಸ್ಟರ್‌ನಲ್ಲೂ ಅದೇ ದಿನಗಳು. ಹಾಗಾದರೆ ಮಾರ್ಚ್ 31ಕ್ಕೆ ಕೊಡಬೇಕಾದ ಹೊಣೆ ಹುಟ್ಟಿಯೇ ಇರಲಿಲ್ಲ. ಮುಂದೆ ಮಾಡಿಸಲಿರುವ ರಿಪೇರಿಗೆ ಪ್ರಾವಿಷನ್ ಮಾಡಲು ಎಎಸ್ 29 ಒಪ್ಪುವುದಿಲ್ಲ.

ಈಗ ಲೆಕ್ಕ ಹಾಕಿ. 30,76,000ದಿಂದ 4,72,000 ಕಳೆದು, 3,45,000 ಕಳೆದು, ಬಿಟ್ಟುಹೋದ 95,000 ಕೂಡಿಸಿದರೆ 23,54,000. ಹೋದ ವರ್ಷಕ್ಕಿಂತ ಏರಿಕೆ 1,44,000, ಅಂದರೆ ಸುಮಾರು 6.5 ಪರ್ಸೆಂಟ್. ‘ಯಾಕೆ ಏರಿತು’ ಎಂಬುದಕ್ಕೆ ಇದು ಉತ್ತರ. ನೂರಾರು ಎಂಟ್ರಿಗಳ ಖಾತೆಯಲ್ಲಿ ಮುಖ್ಯವಾದದ್ದು ಎರಡು ಎಂಟ್ರಿ ಮತ್ತು ಇಲ್ಲದ ಒಂದು ಎಂಟ್ರಿ.

ಹಾಗಂತ ಉಳಿದ ಒಂಬತ್ತು ತಿಂಗಳನ್ನು ತೆರೆಯದೇ ಬಿಡುವಂತಿಲ್ಲ. ತಿಂಗಳ ಮೊತ್ತ ಸರಿ ಇದ್ದೂ ಒಳಗೆ ತೊಡಕಿರಬಹುದು. ಅಲ್ಲಿ ಕಣ್ಣಾಡಿಸುವುದು ಬೇರೆ ಥರ: ಎಕ್ಸೆಲ್‌ನಲ್ಲಿ ಪಾರ್ಟಿವಾರು ಒಮ್ಮೆ, ಮೊತ್ತವಾರು ಒಮ್ಮೆ ಜೋಡಿಸಿ ನೋಡಿ. ಒಂದೇ ಪಾರ್ಟಿ, ಒಂದೇ ಮೊತ್ತ, ಎರಡು ತಾರೀಕು ಕಂಡರೆ ಬಿಲ್ ನಂಬರ್ ನೋಡಿ, ಒಂದೇ ಬಿಲ್ ಎರಡು ಸಲ ಬುಕ್ ಆಗಿರಬಹುದು. ಎದುರು ಖಾತೆ ಕ್ಯಾಶ್ ಇರುವವನ್ನು ಬೇರೆ ಮಾಡಿ ತಾರೀಕಿನ ಪ್ರಕಾರ ಇಡಿ. ಪೇಂಟರ್‌ಗೆ ಒಂದೇ ದಿನ 6,000, 5,500 ಎಂದು ಎರಡು ವೋಚರ್ ಇದ್ದರೆ ಒಂದೊಂದೂ 10,000ದ ಒಳಗೇ ಇದೆ, ಆದರೆ 40ಎ(3) ನೋಡುವುದು ಒಬ್ಬರಿಗೆ ಒಂದು ದಿನದಲ್ಲಿ ಕೊಟ್ಟ ಒಟ್ಟು ನಗದನ್ನು, ವೋಚರನ್ನಲ್ಲ. ಬೇರೆ ಬೇರೆ ದಿನ 9,500ರಂತೆ ಮೂರು ವೋಚರ್ ಇದ್ದರೆ ಅಷ್ಟಕ್ಕೇ ಆ ಕಲಂ ತಗಲುವುದಿಲ್ಲ, ಆದರೆ ನಿಜಕ್ಕೂ ಬೇರೆ ದಿನ ಕೊಟ್ಟರೋ ಬರೀ ವೋಚರ್ ಒಡೆದರೋ ಎಂದು ಕ್ಯಾಶ್ ಬುಕ್ ನೋಡಿ ಬರೆದಿಡಬೇಕು. ಖರ್ಚಿನ ಖಾತೆಯ ಕ್ರೆಡಿಟ್ ಕಡೆ ಏನಾದರೂ ಇದ್ದರೆ ಅದನ್ನು ಪೂರ್ತಿ ನೋಡಿ. ಸಾಮಾನ್ಯವಾಗಿ ನಾಲ್ಕೈದಕ್ಕಿಂತ ಹೆಚ್ಚಿರುವುದಿಲ್ಲ, ಆದರೆ ಇನ್ಶೂರೆನ್ಸ್ ಕ್ಲೈಮ್, ಸ್ಕ್ರಾಪ್ ಮಾರಾಟ, ತಿದ್ದುಪಡಿ ಎಂಟ್ರಿ ಎಲ್ಲ ಅಲ್ಲೇ ಅಡಗಿರುತ್ತವೆ.

ಇನ್ನು ಟಿಕ್ ವಿಷಯ. ಟಿಕ್ ಎಂದರೆ ‘ನಾನು ಇದನ್ನು ದಾಟಿ ಬಂದೆ’ ಎಂಬ ಗುರುತಲ್ಲ, ಒಂದು ನಿರ್ದಿಷ್ಟ ಹೇಳಿಕೆ. ನಿಮ್ಮ ಶೀಟಿನಲ್ಲಿ ಎಲ್ಲ ಸಾಲಿಗೂ ಒಂದೇ ಟಿಕ್ ಇದ್ದರೆ ನಿಮ್ಮ ಸೀನಿಯರ್‌ಗೆ ಅದರಿಂದ ಏನೂ ತಿಳಿಯುವುದಿಲ್ಲ. ಬಿಲ್ ನೋಡಿದಿರೋ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದಿರೋ, ಬರೀ ಕೂಡಿದಿರೋ? ಟಿಕ್ ಗುರುತುಗಳಿಗೆ ದೇಶಕ್ಕೆಲ್ಲ ಒಂದೇ ಎಂಬ ಪಟ್ಟಿ ಇಲ್ಲ, ಪ್ರತಿ ಆಫೀಸಿಗೂ ಅದರದೇ ರೂಢಿ. ಮೊದಲ ದಿನವೇ ನಿಮ್ಮ ಆಫೀಸಿನ ಪಟ್ಟಿ ಕೇಳಿ ಪಡೆಯಿರಿ. ಇಲ್ಲವೆಂದರೆ ನಾಲ್ಕೇ ಗುರುತು ಸಾಕು, ಅರ್ಥವನ್ನು ಶೀಟಿನ ಮೇಲೆಯೇ ಬರೆದುಬಿಡಿ: ✓ ಮೂಲ ಬಿಲ್ ನೋಡಿದೆ, ಬ ಬ್ಯಾಂಕ್ ಸ್ಟೇಟ್‌ಮೆಂಟ್‌ಗೆ ತಾಳೆ, ಕೂ ಕೂಡಿ ನೋಡಿದೆ, ○ ಬಾಕಿ. ಹತ್ತು ಗುರುತು, ಐದು ಬಣ್ಣ ಇಟ್ಟುಕೊಂಡವರ ಶೀಟು ನೋಡಲು ಚೆಂದ, ಆದರೆ ಸಂಜೆ ಹೊತ್ತಿಗೆ ಹಸಿರು ಯಾವುದಕ್ಕೆ ಎಂದು ಅವರಿಗೇ ಮರೆತಿರುತ್ತದೆ.

✓ ಹಾಕುವ ಮುಂಚೆ ಬಿಲ್ಲಿನಲ್ಲಿ ಏನೇನು ನೋಡಿರಬೇಕು? ಬಿಲ್ ನಮ್ಮ ಕ್ಲೈಂಟ್ ಕಂಪನಿಯ ಹೆಸರಿಗೇ ಇದೆಯೇ, ಡೈರೆಕ್ಟರ್ ಮನೆ ವಿಳಾಸಕ್ಕೋ ಅವರ ಇನ್ನೊಂದು ಸಂಸ್ಥೆಗೋ ಇದೆಯೇ. ತಾರೀಕು ಈ ವರ್ಷದ್ದೇ. ಜಿಎಸ್‌ಟಿ ಹಾಕಿದ್ದರೆ ಎರಡೂ ಕಡೆಯ ನಂಬರ್ ಇದೆಯೇ. ಕೆಲಸದ ವಿವರ ನರೇಶನ್‌ಗೆ ಹೊಂದುತ್ತದೆಯೇ. ಕೆಲಸ ಆದದ್ದಕ್ಕೆ ಯಾರಾದರೂ ಸಹಿ ಹಾಕಿದ್ದಾರೆಯೇ. ಮೊತ್ತವನ್ನು ಕೊನೆಗೆ ನೋಡಿ. ಎಲ್ಲರೂ ಮೊದಲು ಮೊತ್ತ ನೋಡುತ್ತಾರೆ, ಅದು ಹೊಂದಿದ ಕೂಡಲೇ ಮನಸ್ಸು ಸಮಾಧಾನಗೊಂಡು ಉಳಿದದ್ದನ್ನು ಕಾಣುವುದಿಲ್ಲ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಟ್ಯಾಲಿಯಲ್ಲಿ ಲೆಡ್ಜರ್ ತೆರೆದು, ಎಂಟರ್ ಒತ್ತಿ ವೋಚರ್ ನೋಡಿ, ‘ತಾಳೆ ಆಯಿತು’ ಎಂದು ಟಿಕ್ ಹಾಕುವವರಿದ್ದಾರೆ. ಒಂದೇ ಎಂಟ್ರಿಯನ್ನು ಎರಡು ಪರದೆಯಲ್ಲಿ ನೋಡಿದರೆ ಅದು ತಾಳೆ ಆಗಲೇಬೇಕಲ್ಲ! ಪುಸ್ತಕದ ಹೊರಗಿನಿಂದ ಬಂದ ಕಾಗದ, ಅಂದರೆ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, 2ಬಿ, ಸರ್ವಿಸ್ ರಿಪೋರ್ಟ್, ಇವುಗಳಲ್ಲಿ ಯಾವುದನ್ನಾದರೂ ನೋಡದೇ ✓ ಹಾಕುವಂತಿಲ್ಲ. ಬಿಲ್ ‘ಫೈಲ್‌ನಲ್ಲಿದೆ, ಆಮೇಲೆ ಕೊಡ್ತೀನಿ’ ಎಂದರೆ ○ ಹಾಕಿ. ಪೆನ್ಸಿಲ್‌ನಲ್ಲಿ ತೆಳುವಾಗಿ ಟಿಕ್ ಹಾಕಿಡುವುದು ಬೇಡ. ಆ ತೆಳು ಟಿಕ್ಕುಗಳು ಕೊನೆಯ ದಿನದ ಗಡಿಬಿಡಿಯಲ್ಲಿ ದಪ್ಪ ಟಿಕ್ಕುಗಳಾಗುತ್ತವೆ.

ಎಕ್ಸೆಲ್‌ನಲ್ಲಿ ಮಾಡುವುದಾದರೆ ಇಳಿಸಿಕೊಂಡ ಮೂಲ ಶೀಟನ್ನು ಮುಟ್ಟದೇ ಹಾಗೇ ಇಡಿ, ನಕಲಿನಲ್ಲಿ ಕೆಲಸ ಮಾಡಿ. ಪಕ್ಕದಲ್ಲಿ ಮೂರು ಕಾಲಂ: ಗುರುತು, ನೋಡಿದ ಕಾಗದದ ನಂಬರ್ ಮತ್ತು ತಾರೀಕು, ಟಿಪ್ಪಣಿ. ಟಿಪ್ಪಣಿಯಲ್ಲಿ ‘ಸರಿ ಇದೆ’, ‘ಚೆಕ್ ಮಾಡಿದೆ’ ಎಂದು ಬರೆಯುವುದು ದಂಡ. ಎಸ್‌ಎ 230 ಕೇಳುವುದು ಇಷ್ಟೇ: ಈ ಆಡಿಟ್‌ಗೆ ಹಿಂದೆ ಯಾವ ಸಂಬಂಧವೂ ಇಲ್ಲದ ಒಬ್ಬ ಅನುಭವಿ ಆಡಿಟರ್ ಫೈಲ್ ತೆರೆದರೆ ಏನು ಮಾಡಿದ್ದಾರೆ, ಏನು ಸಿಕ್ಕಿತು, ಏನು ತೀರ್ಮಾನಿಸಿದರು ಎಂದು ಅವರಿಗೆ ತಿಳಿಯಬೇಕು. ಯಾವ ಐಟಂ ಪರೀಕ್ಷಿಸಿದಿರಿ ಎಂದು ಗುರುತಿಸುವಂತಿರಬೇಕು, ಮಾಡಿದವರ ಹೆಸರು, ತಾರೀಕು ಇರಬೇಕು. ಹಾಗಾಗಿ ಸ್ಟೆಬಿಲೈಸರ್ ಸಾಲಿನ ಮುಂದೆ ‘ಕ್ಯಾಪಿಟಲ್’ ಎಂಬ ಒಂದು ಪದ ಸಾಲದು. ‘ಬಿಲ್ ನೋಡಿದೆ, ಹೊಸ 60 ಕೆವಿಎ ಸ್ಟೆಬಿಲೈಸರ್, ಶಾಪ್ ಫ್ಲೋರ್‌ನಲ್ಲಿ ಸೀರಿಯಲ್ ನಂಬರ್ ಹೊಂದಿದೆ, ಜಿಎಸ್‌ಟಿ 72,000 ಖರ್ಚಿಗೆ ಸೇರಿದೆ, 2ಬಿಯಲ್ಲಿದೆ, ಇನ್‌ಪುಟ್ ಲೆಡ್ಜರ್‌ನಲ್ಲಿಲ್ಲ, ಆಸ್ತಿಗೆ ವರ್ಗಾಯಿಸಲು ಪ್ರಸ್ತಾಪ’ ಎಂದು ಬರೆಯಿರಿ. ಎರಡು ಸಾಲು ಜಾಸ್ತಿ, ಆದರೆ ಸೀನಿಯರ್ ನಿಮ್ಮನ್ನು ಕರೆದು ಕೇಳುವ ಕೆಲಸವೇ ಇರುವುದಿಲ್ಲ.

ಪ್ರಶ್ನೆ ಕೇಳುವುದು ಕೂಡ ಈ ಟಿಪ್ಪಣಿಯಿಂದಲೇ ಬರುತ್ತದೆ. ‘ಸರ್, ಮಾರ್ಚ್‌ನಲ್ಲಿ ಒಂದು ದೊಡ್ಡ ಪ್ರಾವಿಷನ್ ಇದೆ, ಏನು ಮಾಡಲಿ?’ ಎಂದರೆ ನಿಮ್ಮ ಸೀನಿಯರ್‌ಗೆ ಉತ್ತರಿಸುವ ಮೊದಲು ನಾಲ್ಕು ಎದುರು ಪ್ರಶ್ನೆ ಕೇಳಬೇಕಾಗುತ್ತದೆ. ಅವರು ಇನ್ನೊಂದು ಕ್ಲೈಂಟ್‌ನ ರಿಟರ್ನ್ ಮಧ್ಯೆ ಇದ್ದರೆ ‘ಸರಿಯಾಗಿ ಕೇಳು’ ಅಂದೇ ಅನ್ನುತ್ತಾರೆ. ಅದನ್ನೇ ಹೀಗೆ ಕೇಳಿ ನೋಡಿ:

‘ಸರ್, ರಿಪೇರಿ ಖಾತೆ, ಮಾರ್ಚ್ 31ರ ಜರ್ನಲ್, 3,45,000. ಕೊಟೇಶನ್ ಮಾರ್ಚ್ 25ರದ್ದು ಕೊಟ್ಟಿದ್ದಾರೆ. ಸರ್ವಿಸ್ ರಿಪೋರ್ಟ್, ಗೇಟ್ ರಿಜಿಸ್ಟರ್ ಎರಡೂ ಏಪ್ರಿಲ್ 14ರಿಂದ 17 ತೋರಿಸುತ್ತಿವೆ. ಮಾರ್ಚ್ 31ಕ್ಕೆ ಲಯಬಿಲಿಟಿ ಇಲ್ಲ ಅಂತ ನನಗನ್ನಿಸುತ್ತದೆ, ರಿವರ್ಸ್ ಮಾಡಿಸಬೇಕು. ಒಂದೇ ಅನುಮಾನ: ಸ್ಪೇರ್ ಪಾರ್ಟ್ಸ್ ಮಾರ್ಚ್‌ನಲ್ಲೇ ಬಂದಿದ್ದರೆ ಆ ಭಾಗ ಬೇರೆ ನೋಡಬೇಕಾ? ಇನ್‌ವರ್ಡ್ ರಿಜಿಸ್ಟರ್ ಕೇಳಲಾ?’

ಎಲ್ಲಿ, ಎಷ್ಟು, ಏನು ನೋಡಿದೆ, ಏನನ್ನಿಸುತ್ತದೆ, ಎಲ್ಲಿ ಸಿಕ್ಕಿಕೊಂಡಿದೆ. ಇದಕ್ಕೆ ಸೀನಿಯರ್ ‘ಹೌದು, ಕೇಳು’ ಎಂದು ಹೇಳಿ ಮುಗಿಸಬಹುದು. ನಿಮ್ಮ ಅನಿಸಿಕೆ ತಪ್ಪಿದ್ದರೂ ಪರವಾಗಿಲ್ಲ, ಎಲ್ಲಿ ತಪ್ಪಿತು ಎಂದು ಅವರು ತೋರಿಸಲು ಏನೋ ಒಂದು ಎದುರಿಗಿದೆ. ಅನಿಸಿಕೆಯನ್ನೇ ಹೇಳದೆ ಕೇಳಿದರೆ ನಿಮಗೆ ಸಿಗುವುದು ಆ ಎಂಟ್ರಿಯ ಉತ್ತರ ಮಾತ್ರ, ಮುಂದಿನ ಕ್ಲೈಂಟ್‌ನಲ್ಲಿ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಒಂದೊಂದಕ್ಕೂ ಎದ್ದು ಹೋಗಬೇಡಿ. ○ ಹಾಕಿದವನ್ನು ಪಟ್ಟಿ ಮಾಡಿ ಊಟಕ್ಕೆ ಮೊದಲು ಒಮ್ಮೆ, ಹೊರಡುವ ಮೊದಲು ಒಮ್ಮೆ ಕೇಳಿ. ಬೆಳಿಗ್ಗೆ ಹಾಕಿದ ಎಂಟು ○ಗಳಲ್ಲಿ ಮೂರು ಮಧ್ಯಾಹ್ನದೊಳಗೆ ಪಾರ್ಟಿ ಲೆಡ್ಜರ್ ನೋಡಿಯೇ ತೀರಿರುತ್ತವೆ.

ಕ್ಲೈಂಟ್ ಅಕೌಂಟೆಂಟ್‌ಗೆ ಕೇಳುವ ಬಗೆ ಇದರ ಉಲ್ಟಾ. ಅಲ್ಲಿ ನಿಮ್ಮ ಅನಿಸಿಕೆಯನ್ನು ಪ್ರಶ್ನೆಯೊಳಗೆ ಇಡಬಾರದು. ‘ಇದು ಮಾರ್ಚ್‌ನಲ್ಲೇ ಆದ ಕೆಲಸ ಅಲ್ವಾ ಸರ್?’ ಎಂದರೆ ‘ಹೌದು’ ಎನ್ನುತ್ತಾರೆ, ಮುಗಿಯಿತು. ‘ಈ ಎಂಟ್ರಿಯ ಸರ್ವಿಸ್ ರಿಪೋರ್ಟ್ ಕೊಡ್ತೀರಾ ಸರ್?’ ಎಂದು ಕಾಗದ ಕೇಳಿ, ವಿವರಣೆ ಆಮೇಲೆ. ಅವರು ಬಾಯಲ್ಲಿ ಹೇಳಿದ್ದನ್ನು ಬರೆದಿಟ್ಟುಕೊಂಡರೂ ಅದಕ್ಕೆ ✓ ಹಾಕಬೇಡಿ, ‘ಅಕೌಂಟೆಂಟ್ ಹೇಳಿಕೆ, ದಾಖಲೆ ಬಾಕಿ’ ಎಂದು ಬರೆಯಿರಿ. ಅವರ ಕ್ಯಾಲೆಂಡರ್ ಕೂಡ ನೋಡಿಕೊಳ್ಳಿ: 7ನೇ ತಾರೀಕು ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಆ ದಿನಗಳ ಹಿಂದಿನ ಸಂಜೆ ಮೂವತ್ತು ಬಿಲ್‌ಗಳ ಪಟ್ಟಿ ಹಿಡಿದು ನಿಂತರೆ ನಿಮಗೆ ಸಿಗುವುದು ಬಿಲ್ ಅಲ್ಲ, ಸಿಡುಕು. ಅವರ ಮೇಲೆ ತಪ್ಪು ಹೊರಿಸುವ ಧ್ವನಿಯೂ ಬೇಡ. ‘ಇದು ತಪ್ಪು ಎಂಟ್ರಿ’ ಎಂದು ಕ್ಲೈಂಟ್ ಆಫೀಸಿನಲ್ಲಿ ಹೇಳುವ ಅಧಿಕಾರ ನಿಮಗಿಲ್ಲ, ಅದು ಸೀನಿಯರ್ ಮೂಲಕ ಹೋಗಬೇಕು.

ಬೇಗ ಕಲಿಯಬೇಕೆಂದರೆ ಒಂದು ಉಪಾಯವಿದೆ, ಯಾಕೋ ಯಾರೂ ಮಾಡುವುದಿಲ್ಲ. ಆಫೀಸಿನಲ್ಲಿ ಖಾಲಿ ಕೂತ ದಿನ, ಸೀನಿಯರ್‌ನ ಕೇಳಿ, ನಿಮ್ಮ ಆಫೀಸಿನಲ್ಲೇ ಮುಗಿದ ಹೋದ ವರ್ಷದ ಫೈಲೊಂದನ್ನು ತೆಗೆಯಿರಿ. ರಿಪೇರಿ ಖಾತೆಯ ವರ್ಕಿಂಗ್ ಪೇಪರ್ ನೋಡದೆ ಬರೀ ಲೆಡ್ಜರ್ ಇಟ್ಟುಕೊಂಡು ತಿಂಗಳವಾರು ಮೊತ್ತ ಬರೆದು, ಯಾವ ಸಾಲುಗಳ ಬಿಲ್ ಕೇಳುತ್ತೀರೆಂದು ಪಟ್ಟಿ ಮಾಡಿ. ಆಮೇಲೆ ಅಂದು ಕೇಳಿದ ಪ್ರಶ್ನೆಗಳು, ಸೀನಿಯರ್ ಬರೆದ ರಿವ್ಯೂ ನೋಟ್ಸ್ ತೆಗೆದು ಹೋಲಿಸಿ. ಅವರು ಕೇಳಿ ನೀವು ಬಿಟ್ಟದ್ದು ಯಾವುದು ಎನ್ನುವುದರಲ್ಲಿ ನಿಮ್ಮ ಕಣ್ಣಿನ ದೋಷ ಸಿಗುತ್ತದೆ. ಒಬ್ಬೊಬ್ಬರದು ಒಂದೊಂದು ಥರ: ಕೆಲವರು ಕ್ರೆಡಿಟ್ ಕಡೆ ನೋಡುವುದಿಲ್ಲ, ಕೆಲವರು ಕಮ್ಮಿಯಾದ ತಿಂಗಳನ್ನು ಬಿಡುತ್ತಾರೆ, ಕೆಲವರಿಗೆ ಜರ್ನಲ್ ಎಂದರೆ ಭಯ. ರಿಪೇರಿ ಆದ ಮೇಲೆ ಪ್ರೊಫೆಷನಲ್ ಫೀಸ್, ಬಾಡಿಗೆ, ಸಾಗಣೆ ಖಾತೆಗಳಲ್ಲೂ ಹೀಗೇ ಮಾಡಿ. ಬಾಡಿಗೆಯಲ್ಲಿ ಹನ್ನೆರಡು ತಿಂಗಳು ಇದೆಯೇ ಎಂದು ಎಣಿಸಿದರೆ ಅರ್ಧ ಕೆಲಸ ಮುಗಿಯಿತು, ಸಾಗಣೆಗೆ ಹೆಚ್ಚು ಹೊತ್ತು ಬೇಕು. ಫೈಲನ್ನು ಮನೆಗೆ ಒಯ್ಯುವುದು, ಫೋಟೋ ತೆಗೆದು ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿ ಡೌಟ್ ಕೇಳುವುದು ಮಾತ್ರ ಬೇಡವೇ ಬೇಡ. ಕ್ಲೈಂಟ್ ಮಾಹಿತಿ ಹೊರಗೆ ಹೋದರೆ ಉತ್ತರ ಹೇಳಬೇಕಾದವರು ನಿಮ್ಮ ಪ್ರಿನ್ಸಿಪಾಲ್.

ಊಟದವರೆಗೆ ಕಾಯಬಾರದ ಸಂಗತಿಗಳೂ ಇವೆ. ನೀವು ಬಿಲ್ ಕೇಳಿದ ಮೇಲೆ ಪಕ್ಕದ ಟೇಬಲ್‌ನಲ್ಲಿ ವೋಚರ್ ಬರೆಯುತ್ತಿರುವುದು ಕಂಡರೆ, ಬೇರೆ ಬೇರೆ ಪಾರ್ಟಿಗಳ ಬಿಲ್‌ಗಳು ಒಂದೇ ಬುಕ್ಕಿನ ಅನುಕ್ರಮ ನಂಬರ್ ಹೊತ್ತು ಬಂದರೆ, ‘ಈ ಖಾತೆ ನೋಡೋದು ಬೇಡ ಮೇಡಂ, ನಿಮ್ಮ ಸರ್‌ಗೆ ಗೊತ್ತು’ ಎಂದು ಯಾರಾದರೂ ಹೇಳಿದರೆ, ಅಲ್ಲಿ ವಾದಕ್ಕೆ ನಿಲ್ಲಬೇಡಿ, ಮುಖದಲ್ಲೂ ತೋರಿಸಬೇಡಿ. ಕೈಯಲ್ಲಿರುವ ಶೀಟಿಗೆ ○ ಹಾಕಿ, ಸಮಯ ಬರೆದು, ಹೊರಗೆ ಬಂದು ಸೀನಿಯರ್‌ಗೆ ಫೋನ್ ಮಾಡಿ, ಕಂಡದ್ದನ್ನು ಕಂಡಷ್ಟೇ ಹೇಳಿ. ಅದರ ಅರ್ಥ ಏನೆಂದು ಅವರು ಹೇಳುತ್ತಾರೆ, ಮುಂದೆ ಏನು ಮಾಡಬೇಕೆಂದೂ.